ಮೂರು ಕೋಣೆಗೆ ಹಿಡಿದ ಪುಟ್ಟಿ ನಾಲ್ಕನೆಯದರಲ್ಲಿ ಯಾಕೆ ಉದುರಿತು?

ಹೊಸ ಮನೆ ಕಟ್ಟಿದವರು, ಹಳೆ ಮನೆಗೆ ಬಣ್ಣ ಹೊಡೆಸುವವರು ಎಲ್ಲರೂ ಒಂದು ಹಂತದಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಗೋಡೆಗೆ ಪುಟ್ಟಿ ಎಳೆಸಬೇಕೋ, ಗಾರೆಯ ಮೇಲೆ ನೇರವಾಗಿ ಬಣ್ಣ ಹೊಡೆದರೆ ಸಾಕೋ? ಅಂಗಡಿಯವರು ಪುಟ್ಟಿ ಹಾಕಿಸಿ ಅನ್ನುತ್ತಾರೆ. ಪೇಂಟರ್ ಕೂಡ ಹಾಗೇ ಅನ್ನುತ್ತಾನೆ. ಮನೆಯ ಹಿರಿಯರು ಮಾತ್ರ "ನಮ್ಮ ಕಾಲದಲ್ಲಿ ಸುಣ್ಣ ಬಳಿದರೆ ಮುಗೀತು, ಈಗ ಏನೇನೋ" ಅಂತ ಗೊಣಗುತ್ತಾರೆ. ಇದರಲ್ಲಿ ಯಾರ ಮಾತೂ ಪೂರ್ತಿ ಸುಳ್ಳಲ್ಲ. ಯಾವ ಗೋಡೆಯ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಾನು ಈ ವಿಷಯಕ್ಕೆ ಬಿದ್ದದ್ದು ಒಂದು ಜಗಳದಿಂದ. ಜಿಲ್ಲೆಯ ಸುದ್ದಿ ಕಳಿಸುವ ನಮ್ಮಂಥವರಿಗೆ ಬರುವ ಫೋನುಗಳಲ್ಲಿ ಅರ್ಧದಷ್ಟು "ಇದನ್ನು ಪೇಪರಲ್ಲಿ ಹಾಕಿ" ಅನ್ನುವಂಥವು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಜುಲೈ ಕೊನೆಯಲ್ಲಿ ಅಂಥದ್ದೇ ಒಂದು ಫೋನು ಬಂತು. "ಪುಟ್ಟಿ ಕಂಪನಿಯವರು ಮೋಸ ಮಾಡಿದ್ದಾರೆ ಮಾರಾಯ್ರೆ. ಮಗಳ ಮದುವೆಗೆ ಅಂತ ಏಪ್ರಿಲಲ್ಲಿ ಮಾಡಿಸಿದ್ದು. ಮೂರು ತಿಂಗಳಿಗೆ ಗೋಡೆ ಹಪ್ಪಳ ಎದ್ದಿದೆ. ಬಂದು ಫೋಟೊ ತೆಗೀರಿ" ಅಂದರು ಮನೆಯ ಯಜಮಾನರು. ಪೇಂಟರಿಗೆ ಕೊಡಬೇಕಿದ್ದ 8,500 ರೂಪಾಯಿಯನ್ನು ಅವರು ತಡೆಹಿಡಿದಿದ್ದರು. ಆ ಪೇಂಟರ್ ಪಕ್ಕದ ಊರಿನವ, ಇಬ್ಬರು ಹುಡುಗರನ್ನು ಇಟ್ಟುಕೊಂಡು ಕೆಲಸ ಮಾಡುವವ. ಮಳೆಗಾಲದಲ್ಲಿ ಅವನಿಗೆ ಬೇರೆ ಕೆಲಸವಿಲ್ಲ. ಆ ಹಣದ ಮೇಲೆಯೇ ಅವನ ಎರಡು ತಿಂಗಳು ನಿಂತಿತ್ತು.

ನಾನು ಹೋದಾಗ ಪೇಂಟರನ್ನೂ ಕರೆಸಿದ್ದರು. ಅವನು ಹೆಚ್ಚು ಮಾತಾಡಲಿಲ್ಲ. "ಸರ್, ನಾಲ್ಕೂ ಕೋಣೆಗೆ ಒಂದೇ ದಿನ ತಂದ ಚೀಲ. ಎಳೆದಿದ್ದು ಇದೇ ಕೈ. ಉಳಿದ ಮೂರು ಕೋಣೆ ನೋಡಿ" ಅಂದ. ನೋಡಿದೆ. ಹಾಲ್, ಮುಂದಿನ ಕೋಣೆ, ಮಧ್ಯದ ಕೋಣೆ ಮೂರೂ ಕನ್ನಡಿಯಂತೆ ಇದ್ದವು. ಕೆಟ್ಟದ್ದು ಹಿಂದಿನ ಕೋಣೆ ಮಾತ್ರ. ಅದರಲ್ಲೂ ನಾಲ್ಕು ಗೋಡೆಯಲ್ಲ, ಹಿಂಭಾಗದ ಒಂದೇ ಗೋಡೆ. ಅದರಲ್ಲೂ ನೆಲದಿಂದ ಸುಮಾರು ಮೂರಡಿ ಎತ್ತರದವರೆಗೆ ಮಾತ್ರ.

ಚೀಲದ ಮಾಲು ಕೆಟ್ಟದ್ದಾಗಿದ್ದರೆ ಅದು ಕೋಣೆ ನೋಡಿ, ಗೋಡೆ ಆರಿಸಿ, ಮೂರಡಿ ಅಳೆದು ಉದುರುವುದಿಲ್ಲ. ಹಾಗಾದರೆ ಆಗಿದ್ದೇನು? ಅದು ತಿಳಿಯಬೇಕಾದರೆ ಮೊದಲು ಪುಟ್ಟಿಯ ಚೀಲದೊಳಗೆ ಏನಿದೆ ಎಂದು ನೋಡಬೇಕು.

ಚೀಲದೊಳಗೆ ಇರುವುದು

ಅಂಗಡಿಯಲ್ಲಿ ಎರಡು ಥರದ ಪುಟ್ಟಿ ಸಿಗುತ್ತದೆ. ಒಂದು ಚೀಲದಲ್ಲಿ ಬರುವ ಬಿಳಿ ಪುಡಿ, ನೀರು ಹಾಕಿ ಕಲಸಬೇಕಾದ್ದು. ಸಾಮಾನ್ಯವಾಗಿ 20 ಅಥವಾ 40 ಕಿಲೋ ಚೀಲ. ಇನ್ನೊಂದು ಬಕೆಟ್ಟಿನಲ್ಲಿ ಬರುವ ಗಟ್ಟಿ ಪೇಸ್ಟ್, ಮುಚ್ಚಳ ತೆಗೆದು ಹಚ್ಚುವುದೇ. ಹೆಸರು ಎರಡಕ್ಕೂ ಪುಟ್ಟಿ ಎಂದೇ. ಗುಣ ಮಾತ್ರ ಬೇರೆ ಬೇರೆ.

ಚೀಲದ ಪುಟ್ಟಿ ಬಿಳಿ ಸಿಮೆಂಟಿನದ್ದು. ಬಿಳಿ ಸಿಮೆಂಟ್ ಅಂದರೆ ಸಿಮೆಂಟೇ, ಕಬ್ಬಿಣದ ಅಂಶ ತೀರಾ ಕಡಿಮೆ ಇರುವ ಕಚ್ಚಾ ಮಾಲಿನಿಂದ ಮಾಡಿದ್ದು. ಮಾಮೂಲಿ ಸಿಮೆಂಟಿಗೆ ಬೂದು ಬಣ್ಣ ಬರುವುದೇ ಆ ಕಬ್ಬಿಣದಿಂದ. ಆದರೆ ಚೀಲದ ತುಂಬ ಬಿಳಿ ಸಿಮೆಂಟೇ ಇರುತ್ತದೆ ಅಂದುಕೊಳ್ಳಬೇಡಿ. ಅರ್ಧಕ್ಕಿಂತ ಹೆಚ್ಚು ಪಾಲು ನುಣ್ಣಗೆ ಬೀಸಿದ ಬಿಳಿ ಕಲ್ಲಿನ ಪುಡಿ, ಅಂದರೆ ಸುಣ್ಣಕಲ್ಲು ಅಥವಾ ಡೊಲೊಮೈಟ್. ಗೋಡೆಯ ಸಣ್ಣ ಸಣ್ಣ ತೂತು ತುಂಬಿ ನುಣುಪು ಕೊಡುವುದು ಇದು. ಇದರಲ್ಲಿ ಮೋಸವೇನಿಲ್ಲ, ಪುಟ್ಟಿ ಅಂದರೆ ಇರುವುದೇ ಹಾಗೆ.

ಮೂರನೆಯದು ಅಂಟು. ಪಾಲಿಮರ್ ಪುಡಿ ಅನ್ನುತ್ತಾರೆ. ಪ್ರಮಾಣ ತುಂಬ ಕಡಿಮೆ, ಆದರೆ ಒಂದು ಮಿಲಿಮೀಟರ್ ದಪ್ಪದ ಪದರ ಗೋಡೆಗೆ ಕಚ್ಚಿಕೊಂಡು ಬಿರುಕು ಬಿಡದೆ ನಿಲ್ಲುವುದು ಇದರಿಂದ. ನಾಲ್ಕನೆಯದು ಮರದ ಅಥವಾ ಹತ್ತಿಯ ನಾರಿನಿಂದ ತಯಾರಿಸಿದ ಸೆಲ್ಯುಲೋಸಿನ ಒಂದು ಪುಡಿ. ಇದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೋಡೆ ಗಬಕ್ಕನೆ ನೀರು ಕುಡಿದುಬಿಟ್ಟರೆ ಸಿಮೆಂಟ್ ಗಟ್ಟಿಯಾಗಲು ನೀರೇ ಇರುವುದಿಲ್ಲ, ಪದರ ಪುಡಿಪುಡಿಯಾಗುತ್ತದೆ. ಅದನ್ನು ತಡೆಯುವುದು ಇದರ ಕೆಲಸ. ಬ್ಲೇಡಿನಲ್ಲಿ ಎಳೆಯುವಾಗ ಬೆಣ್ಣೆಯಂತೆ ಜಾರುವುದೂ ಇದರಿಂದಲೇ.

ಬಕೆಟ್ಟಿನ ಪುಟ್ಟಿಯಲ್ಲಿ ಸಿಮೆಂಟ್ ಇರುವುದಿಲ್ಲ. ಕಲ್ಲಿನ ಪುಡಿಯನ್ನು ಅಕ್ರಿಲಿಕ್ ಅಂಟಿನಲ್ಲಿ ಕಲಸಿರುತ್ತಾರೆ, ಅಷ್ಟೆ. ನೀರು ಆರಿದಾಗ ಗಟ್ಟಿಯಾಗುತ್ತದೆ. ನುಣುಪಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಬಹಳ ಹೊತ್ತು ನೀರು ತಾಗುತ್ತಿದ್ದರೆ ಮತ್ತೆ ಮೆತ್ತಗಾಗುತ್ತದೆ. ಹೊರಗೋಡೆಗೆ, ಬಚ್ಚಲಿನ ಗೋಡೆಗೆ ಇದನ್ನು ಬಳಸಲೇಬಾರದು.

ನಿಮ್ಮ ಗೋಡೆಯಲ್ಲಿ ಈಗಾಗಲೇ ಇರುವುದು ಯಾವುದು ಎಂದು ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ರೂಪಾಯಿಯಷ್ಟು ಜಾಗದ ಬಣ್ಣ ಕೆರೆದು ಅರ್ಧ ಗಂಟೆ ಒದ್ದೆ ಬಟ್ಟೆ ಒತ್ತಿಡಿ. ಆಮೇಲೆ ಉಗುರಿನಿಂದ ಗೀರಿ. ಬೆಣ್ಣೆಯಂತೆ ಬಂದರೆ ಅದು ಬಕೆಟ್ಟಿನದ್ದು, ಇಲ್ಲವೇ ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ಮಾಡಿದ ಹಳೆಯ ಥರದ್ದು. ಕಲ್ಲಿನಂತೆ ನಿಂತರೆ ಸಿಮೆಂಟಿನದ್ದು.

ನೇರ ಬಣ್ಣಕ್ಕೂ ಪುಟ್ಟಿಗೂ ಲೆಕ್ಕ

ಹತ್ತಡಿ, ಹನ್ನೆರಡಡಿಯ ಒಂದು ಕೋಣೆ ತೆಗೆದುಕೊಳ್ಳಿ, ಹತ್ತಡಿ ಎತ್ತರ. ಬಾಗಿಲು ಕಿಟಕಿ ಕಳೆದರೆ ಗೋಡೆ ಸುಮಾರು 400 ಚದರಡಿ. ನಮ್ಮ ಕಡೆಯ ಸ್ಪಂಜು ಹೊಡೆದ ಒರಟು ಗಾರೆಗೆ ಎರಡು ಸುತ್ತು ಪುಟ್ಟಿ ಎಳೆಯಲು ಒಂದು ಕಿಲೋ ಹತ್ತು ಹನ್ನೆರಡು ಚದರಡಿಗೆ ಬರುತ್ತದೆ. ಅಂದರೆ ಒಂದು ಕೋಣೆಗೆ ಹತ್ತಿರ ಹತ್ತಿರ 40 ಕಿಲೋ ಚೀಲ ಒಂದು. ಚೀಲದ ಮೇಲೆ ಇದಕ್ಕಿಂತ ಹೆಚ್ಚು ಜಾಗಕ್ಕೆ ಬರುತ್ತದೆ ಎಂದು ಬರೆದಿರಬಹುದು, ಅದು ಸಮತಟ್ಟಾದ ಗೋಡೆಯ ಲೆಕ್ಕ.

ಆ ಮನೆಯಲ್ಲಿ ಚೀಲಕ್ಕೆ 900 ರೂಪಾಯಿ ಬಿದ್ದಿತ್ತು. ಎರಡು ಸುತ್ತು ಎಳೆದು, ಕಾಗದದಲ್ಲಿ ಉಜ್ಜುವುದಕ್ಕೆ ಚದರಡಿಗೆ 7 ರೂಪಾಯಿ ಕೂಲಿ. ಹಾಗಾಗಿ ಒಂದು ಕೋಣೆಗೆ ಪುಟ್ಟಿಯದ್ದೇ ಖರ್ಚು 3,700 ರೂಪಾಯಿ.

"ಪುಟ್ಟಿ ಹಾಕಿದರೆ ಬಣ್ಣ ಉಳಿಯುತ್ತದೆ" ಅನ್ನುವ ಮಾತಿದೆಯಲ್ಲ, ಅದು ನಿಜ. ಗಾರೆ ಮರಳಿನದ್ದು, ಬಣ್ಣ ಕುಡಿಯುತ್ತದೆ. ಇಂಥ ಕೋಣೆಗೆ ಒರಟು ಗಾರೆಯ ಮೇಲೆ ಎರಡು ಸುತ್ತು ಎಮಲ್ಷನ್ ಹೊಡೆಯಲು ಹತ್ತು ಲೀಟರಾದರೂ ಬೇಕಾದರೆ, ಪುಟ್ಟಿಯ ಮೇಲೆ ಏಳು ಲೀಟರಿಗೆ ಮುಗಿಯಬಹುದು. ಲೀಟರಿಗೆ 200 ರೂಪಾಯಿ ಹಿಡಿದರೂ ಉಳಿದದ್ದು 600 ರೂಪಾಯಿ. 3,700 ಕೊಟ್ಟು 600 ಉಳಿಸುವುದು ಉಳಿತಾಯವಲ್ಲ. ಪುಟ್ಟಿ ಹಾಕಿಸುವುದು ಚಂದಕ್ಕೆ. ಗೋಡೆ ನುಣ್ಣಗಾಗುತ್ತದೆ, ಧೂಳು ಕೂರುವುದಿಲ್ಲ, ಕೈಗುರುತು ಒರೆಸಬಹುದು, ಬಣ್ಣಕ್ಕೆ ಹೊಳಪು ಬರುತ್ತದೆ. ಚಂದಕ್ಕೆ ಖರ್ಚು ಮಾಡುವುದು ತಪ್ಪಲ್ಲ. ಅದು ಗೋಡೆಗೆ ಬಲ ಕೊಡುತ್ತದೆ, ನೀರು ತಡೆಯುತ್ತದೆ ಅಂತ ನಂಬಿ ಖರ್ಚು ಮಾಡಿದರೆ ಮಾತ್ರ ಕಷ್ಟ.

ಏಕೆಂದರೆ ಎರಡು ಸುತ್ತು ಸೇರಿದರೂ ಪುಟ್ಟಿಯ ದಪ್ಪ ಒಂದೂವರೆ ಮಿಲಿಮೀಟರ್ ದಾಟಬಾರದು. ಅಷ್ಟು ತೆಳುವಾದ ಪದರ ಗಾರೆಯ ಹೊಂಡ ತುಂಬುವುದಕ್ಕೂ ಅಲ್ಲ, ಒದ್ದೆ ಗೋಡೆಯ ನೀರನ್ನು ಹಿಡಿದು ನಿಲ್ಲಿಸುವುದಕ್ಕೂ ಅಲ್ಲ.

ಗಾರೆಯ ಮೇಲೆ ನೇರವಾಗಿ ಹೊಡೆಯುವುದಾದರೂ ಎರಡು ವಿಷಯ ಬಿಡಬಾರದು. ಹೊಸ ಗಾರೆ ಒಣಗಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಹಸಿ ಗಾರೆಯಲ್ಲಿ ಸುಣ್ಣದ ಖಾರ ಇರುತ್ತದೆ, ಅದು ಬಣ್ಣವನ್ನು ತಿನ್ನುತ್ತದೆ. ಪರೀಕ್ಷೆ ಮಾಡಬೇಕಿದ್ದರೆ ಗೋಡೆಯ ಒಂದು ಮೂಲೆ ಒದ್ದೆ ಮಾಡಿ ಅಡುಗೆಮನೆಯ ಅರಿಶಿನ ಹಚ್ಚಿ ನೋಡಿ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಓಕುಳಿ ಕೆಂಪಾಗುವುದಿಲ್ಲವೇ, ಹಾಗೆಯೇ ಕೆಂಪಾದರೆ ಗಾರೆಯ ಖಾರ ಇನ್ನೂ ಇಳಿದಿಲ್ಲ. ಎರಡನೆಯದು ಪ್ರೈಮರ್. ಅದು ಒಂದು ಸುತ್ತು ಬಿದ್ದರೆ ಗೋಡೆ ಬಣ್ಣವನ್ನು ಅಷ್ಟಾಗಿ ಕುಡಿಯುವುದಿಲ್ಲ.

ಉದುರಿದ ಚಕ್ಕೆಯ ಬೆನ್ನು ನೋಡಿ

ಮತ್ತೆ ಆ ಹಿಂದಿನ ಕೋಣೆಗೆ ಬರೋಣ. ಯಜಮಾನರು "ಪುಟ್ಟಿ ಸರಿ ಕಲಸಿಲ್ಲ" ಅನ್ನುತ್ತಿದ್ದರು. ಪೇಂಟರ್ "ಗೋಡೆ ಥಂಡಿ" ಅನ್ನುತ್ತಿದ್ದ. ಇಬ್ಬರೂ ಗೋಡೆಯನ್ನೇ ನೋಡುತ್ತಿದ್ದರು. ಊರಿನ ಹಳೆಯ ಗಾರೆ ಮೇಸ್ತ್ರಿಯೊಬ್ಬರು ಅಲ್ಲಿಗೆ ಬಂದಿದ್ದರು, ಅವರು ಬಗ್ಗಿ ನೆಲದ ಮೇಲೆ ಬಿದ್ದಿದ್ದ ಒಂದು ಚಕ್ಕೆ ಎತ್ತಿಕೊಂಡು ತಿರುಗಿಸಿದರು. "ಮುಖ ನೋಡಿದರೆ ಏನೂ ಗೊತ್ತಾಗಲ್ಲ, ಬೆನ್ನು ನೋಡಬೇಕು" ಅಂದರು. ನಾನು ಆ ದಿನ ಕಲಿತ ದೊಡ್ಡ ವಿಷಯ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಕ್ಕೆಯ ಬೆನ್ನಿನಲ್ಲಿ ಹಳೆಯ ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್ ಅಂಟಿಕೊಂಡು ಬಂದಿದ್ದರೆ ತಪ್ಪು ಕೆಲಸದ್ದು. ಹಳೆಯ ಪದರ ಕೆರೆಯದೆ ಅದರ ಮೇಲೆಯೇ ಪುಟ್ಟಿ ಎಳೆದಿದ್ದಾರೆ. ಪುಟ್ಟಿ ಸುಣ್ಣವನ್ನು ಹಿಡಿದುಕೊಂಡಿದೆ, ಸುಣ್ಣ ಗೋಡೆಯನ್ನು ಬಿಟ್ಟಿದೆ.

ಬಣ್ಣ ಮಾತ್ರ ಪ್ಲಾಸ್ಟಿಕ್ಕಿನಂತೆ ಸುಲಿದು ಬಂದು ಪುಟ್ಟಿ ಗೋಡೆಯಲ್ಲೇ ಉಳಿದಿದ್ದರೆ, ಪ್ರೈಮರ್ ಹಾಕಿಲ್ಲ, ಇಲ್ಲವೇ ಉಜ್ಜಿದ ಧೂಳು ಒರೆಸದೆ ಬಣ್ಣ ಹೊಡೆದಿದ್ದಾರೆ, ಇಲ್ಲವೇ ಪುಟ್ಟಿ ಒಣಗುವ ಮುಂಚೆ ಹೊಡೆದಿದ್ದಾರೆ.

ಒಣ ಗೋಡೆಯಲ್ಲೂ ಕೈ ಸವರಿದರೆ ಎಲ್ಲ ಕಡೆ ಬಿಳಿ ಪುಡಿ ಅಂಟುತ್ತಿದ್ದರೆ ಕಲಸಿದ್ದರಲ್ಲಿ ದೋಷ. 40 ಕಿಲೋ ಪುಡಿಗೆ ಹದಿನಾಲ್ಕರಿಂದ ಹದಿನಾರು ಲೀಟರ್ ನೀರು ಸಾಮಾನ್ಯ ಲೆಕ್ಕ, ಹೆಚ್ಚಾದರೆ ಪದರ ಸೊರಗುತ್ತದೆ. ಕಲಸಿದ್ದನ್ನು ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಗುತ್ತಿದೆ ಅಂತ ಮತ್ತೆ ನೀರು ಹಾಕಿ ತಿರುಗಿಸಿದರೆ ಸಿಮೆಂಟಿನ ಹಿಡಿತ ಹೋಯಿತು. ಪುಟ್ಟಿ ಎಳೆಯುವ ಮುಂಚೆ ಒಣ ಗೋಡೆಗೆ ನೀರು ಚಿಮುಕಿಸದಿದ್ದರೂ ಹೀಗೇ ಆಗುತ್ತದೆ.

ಮೇಸ್ತ್ರಿ ಎತ್ತಿದ ಚಕ್ಕೆಯ ಬೆನ್ನಿನಲ್ಲಿ ಇದ್ದದ್ದು ಇದ್ಯಾವುದೂ ಅಲ್ಲ. ಅಲ್ಲಿ ಗಾರೆಯ ಮರಳು ಅಂಟಿತ್ತು. ಮರಳಿನ ಮೇಲೆ ಹತ್ತಿಯ ಎಳೆಯಂತೆ ಬಿಳಿ ನವಿರು. ಅದನ್ನು ಬೆರಳಿಗೆ ತೆಗೆದುಕೊಂಡು ಲೋಟದ ನೀರಿಗೆ ಹಾಕಿದರು, ಕರಗಿತು. ಬೂಸ್ಟಾದರೆ ಕರಗುವುದಿಲ್ಲ, ಇದು ಉಪ್ಪು. ಅಂದರೆ ಪುಟ್ಟಿ ಗಾರೆಯನ್ನು ಬಿಟ್ಟಿರಲಿಲ್ಲ. ಪುಟ್ಟಿ ಹಿಡಿದುಕೊಂಡಿದ್ದ ಗಾರೆಯೇ ಒಳಗಿನಿಂದ ಪುಡಿಯಾಗಿ ಬಂದಿತ್ತು.

ನೀರು ಬಂದ ದಾರಿ

ಮಲೆನಾಡಿನ ಬಹಳ ಮನೆಗಳಂತೆ ಆ ಮನೆಯೂ ಇಳಿಜಾರಿನಲ್ಲಿದೆ. ಹಿಂದೆ ಧರೆ ಕಡಿದು ಜಾಗ ಮಾಡಿದ್ದಾರೆ. ವರ್ಷ ವರ್ಷದ ಮಳೆಗೆ ಧರೆಯ ಮಣ್ಣು ಕುಸಿದು ಹಿಂಗೋಡೆಗೆ ಒರಗಿ, ಒಳಗಿನ ನೆಲಕ್ಕಿಂತ ಎರಡಡಿ ಮೇಲಕ್ಕೆ ಬಂದಿತ್ತು. ಗೋಡೆ ಜಂಬಿಟ್ಟಿಗೆಯದ್ದು. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರು ಹೀರುವುದರಲ್ಲಿ ಅದಕ್ಕೆ ಸ್ಪಂಜಿನ ಗುಣ. ಪಂಚಾಂಗದ ಮೇಲೆ ನೀರು ತಡೆಯುವ ಸಿಮೆಂಟಿನ ಬೆಲ್ಟೂ ಇರಲಿಲ್ಲ.

ದೀಪದ ಬತ್ತಿ ಎಣ್ಣೆ ಎಳೆಯುವಂತೆ ಗೋಡೆ ಮಣ್ಣಿನ ನೀರನ್ನು ಎಳೆಯುತ್ತದೆ. ಆ ನೀರಿನಲ್ಲಿ ಮಣ್ಣಿನ, ಕಲ್ಲಿನ, ಸಿಮೆಂಟಿನ ಉಪ್ಪುಗಳು ಕರಗಿರುತ್ತವೆ. ನೀರು ಕೋಣೆಯ ಕಡೆಯ ಮುಖಕ್ಕೆ ಬಂದು ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಮೂರಡಿಯ ಮೇಲೆ ಗೋಡೆ ಒಣಗಿತ್ತು ಯಾಕೆಂದರೆ ಅಷ್ಟು ಏರುವಷ್ಟರಲ್ಲಿ ನೀರು ಆರಿಹೋಗುತ್ತಿತ್ತು.

ಪುಟ್ಟಿಯ ಪಾತ್ರ ಬರುವುದು ಇಲ್ಲಿ. ಗೋಡೆ ಬರೀ ಗಾರೆಯಾಗಿದ್ದರೆ, ಅಥವಾ ಅದರ ಮೇಲೆ ಸುಣ್ಣ ಮಾತ್ರ ಇದ್ದಿದ್ದರೆ, ಆವಿ ಸಲೀಸಾಗಿ ಹೊರಬರುತ್ತಿತ್ತು, ಉಪ್ಪು ಗೋಡೆಯ ಮೇಲ್ಮೈಯಲ್ಲಿ ಹೂವಿನಂತೆ ಅರಳುತ್ತಿತ್ತು. ಪೊರಕೆಯಲ್ಲಿ ಗುಡಿಸಿದರೆ ಹೋಗುತ್ತಿತ್ತು. ಈಗ ಅದರ ಮೇಲೆ ನುಣ್ಣನೆಯ ಪುಟ್ಟಿ, ಪ್ರೈಮರ್, ಎರಡು ಸುತ್ತು ಎಮಲ್ಷನ್ ಇದೆ. ಆವಿ ಹೊರಡಲು ದಾರಿ ಇಕ್ಕಟ್ಟಾಯಿತು. ಉಪ್ಪು ಮೇಲ್ಮೈಗೆ ಬಾರದೆ ಪುಟ್ಟಿಯ ಬೆನ್ನಿಗೇ ಹರಳುಗಟ್ಟಿತು. ಹರಳು ಬೆಳೆಯುವಾಗ ಸುತ್ತಲಿನದ್ದನ್ನು ತಳ್ಳುತ್ತದೆ. ಹಾಗೆ ತಳ್ಳಿದ್ದರಿಂದ ಗಾರೆ ಪುಡಿಯಾಗಿ, ಪುಟ್ಟಿ ಹಪ್ಪಳದಂತೆ ಎದ್ದಿತು. ಸಿಮೆಂಟ್ ಪುಟ್ಟಿ ನೀರಿಗೆ ಕರಗುವುದಿಲ್ಲ ಎನ್ನುವುದು ಸರಿಯೇ. ಆದರೆ ತಾನು ಕರಗದಿದ್ದರೂ ತನ್ನ ಕೆಳಗಿನ ನೆಲ ಕುಸಿದಾಗ ಅದು ನಿಲ್ಲುವುದೆಲ್ಲಿ?

ಏಪ್ರಿಲಿನಲ್ಲಿ ಗೋಡೆ ಒಣಗಿದಂತೆ ಕಂಡಿದ್ದೇ ಎಲ್ಲರಿಗೂ ಕಣ್ಣು ಕಟ್ಟಿದ್ದು. ಬೇಸಗೆಯಲ್ಲಿ ಮಲೆನಾಡಿನ ಯಾವ ಗೋಡೆಯೂ ಥಂಡಿ ಎಂದು ತೋರಿಸಿಕೊಳ್ಳುವುದಿಲ್ಲ. ಹಾಗಾಗಿ ಪುಟ್ಟಿ ಹಾಕಿಸುವ ಮನೆಯ ಗೋಡೆಯನ್ನು ಹಿಂದಿನ ಮಳೆಗಾಲದಲ್ಲೇ ನೋಡಿಟ್ಟುಕೊಂಡಿರಬೇಕು. ಹಳೆಯ ಸುಣ್ಣದ ಮೇಲೆ ನೀರಿನ ಗೆರೆ, ಹಳದಿ ಕಲೆ, ಬುಡದಲ್ಲಿ ಉದುರಿದ ಮರಳು ಇದ್ದರೆ ಬೇಸಗೆಯಲ್ಲೂ ಅದು ಸಾಕ್ಷಿ.

ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಒಂದು ಇಡೀ ದಿನ ಬಿಡಿ. ಹಾಳೆಯ ಒಳಮುಖ, ಅಂದರೆ ಗೋಡೆಯ ಕಡೆಯ ಮುಖ ಬೆವರಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮುಖ ಬೆವರಿದ್ದರೆ ಅದು ಕೋಣೆಯ ಗಾಳಿಯ ಹಸಿ, ಅಡುಗೆಯ ಹಬೆಯೋ ಒಣಹಾಕಿದ ಬಟ್ಟೆಯೋ ಇರಬೇಕು. ಇದನ್ನೂ ಮಳೆಗಾಲದಲ್ಲಿ ಮಾಡಿದರೇ ಹೆಚ್ಚು ನಂಬಬಹುದು.

ಕಲೆಯ ಆಕಾರವೇ ಹೇಳುತ್ತದೆ

ಎಲ್ಲ ಥಂಡಿಯೂ ನೆಲದಿಂದ ಬರುವುದಿಲ್ಲ. ಕಲೆ ಹೇಗಿದೆ ಎಂದು ನೋಡಿದರೆ ನೀರು ಎಲ್ಲಿಂದ ಎಂದು ತಿಳಿಯುತ್ತದೆ. ಗೋಡೆಯ ಉದ್ದಕ್ಕೂ ಬುಡದಿಂದ ಒಂದೇ ಸಮ ಏರಿದ್ದರೆ ಮಣ್ಣಿನ ನೀರು. ಗೋಡೆಯ ನಡುವೆ ದುಂಡಗೆ ಹರಡಿದ್ದರೆ ಒಳಗಿರುವ ಪೈಪು. ಮೇಲಿನ ಮೂಲೆಯಿಂದ ಕೆಳಕ್ಕೆ ಇಳಿದಿದ್ದರೆ ಚಾವಣಿ. ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಚುಕ್ಕೆ ಮಾತ್ರ ಇದ್ದು ಪುಟ್ಟಿ ಗಟ್ಟಿಯಾಗಿದ್ದರೆ ಅದು ಗಾಳಿಯಾಡದ ಕೋಣೆಯ ಬೂಸ್ಟು. ಅದಕ್ಕೆ ಗೋಡೆ ಕೀಳಬೇಕಿಲ್ಲ, ಕಿಟಕಿ ತೆಗೆದು ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದರೆ ಬಹುಪಾಲು ಹೋಗುತ್ತದೆ.

ಬಚ್ಚಲಿಗೆ ಅಂಟಿದ ಮಲಗುವ ಕೋಣೆಯ ಗೋಡೆ ಇನ್ನೊಂದು ಥರ. ಬಚ್ಚಲಿನ ಕಡೆ ಟೈಲ್ಸ್ ಇದೆ, ನೀರು ಬರಲ್ಲ ಅಂದುಕೊಳ್ಳುತ್ತೇವೆ. ಟೈಲ್ಸಿನ ಸಂದು ಬಿಟ್ಟಿದ್ದರೆ ನೀರು ಒಳಕ್ಕೆ ಇಳಿಯುತ್ತದೆ, ಟೈಲ್ಸಿನ ಕಡೆಗೆ ಆರಲು ದಾರಿಯಿಲ್ಲ, ಹಾಗಾಗಿ ಪೂರ್ತಿ ಪುಟ್ಟಿಯ ಕಡೆಗೇ ಬರುತ್ತದೆ. ಇಲ್ಲಿ ಮಾಡಬೇಕಾದ ಕೆಲಸ ಬಚ್ಚಲಿನೊಳಗೆ, ಸಂದು ತುಂಬುವುದು. ಮಲಗುವ ಕೋಣೆಯ ಕಡೆ ಎಷ್ಟು ಸಲ ಪುಟ್ಟಿ ಎಳೆದರೂ ಅಷ್ಟೇ.

ಮುಂದೆ ಆದದ್ದು

ಒಳಗಡೆಗೆ ನೀರು ತಡೆಯುವ ಪೇಂಟ್ ಹೊಡೆದರೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ. ಮೇಸ್ತ್ರಿ ಬೇಡವೆಂದರು. ಮೂರಡಿಯವರೆಗೆ ಮುಚ್ಚಿದರೆ ನೀರು ಅಲ್ಲಿಗೆ ನಿಲ್ಲುವುದಿಲ್ಲ, ಆರುವ ಜಾಗ ಹುಡುಕಿಕೊಂಡು ನಾಲ್ಕಡಿಗೆ ಏರುತ್ತದೆ.

ಮಳೆ ನಿಂತ ಮೇಲೆ ನವೆಂಬರಿನಲ್ಲಿ ಮೊದಲು ಹಿತ್ತಿಲ ಕೆಲಸ ಶುರುವಾಯಿತು. ಗೋಡೆಗೆ ಒರಗಿದ್ದ ಮಣ್ಣನ್ನು ಒಳನೆಲಕ್ಕಿಂತ ಅರ್ಧ ಅಡಿ ಕೆಳಕ್ಕೆ ತೆಗೆದರು. ಗೋಡೆ ಬಿಟ್ಟು ಎರಡಡಿ ಆಚೆಗೆ, ಧರೆಯ ನೀರು ಪಕ್ಕಕ್ಕೆ ಹರಿದುಹೋಗುವಂತೆ ಚರಂಡಿ ತೋಡಿದರು. ಒಳಗೆ ನಾಲ್ಕೂವರೆ ಅಡಿಯವರೆಗೆ, ಅಂದರೆ ಕಲೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಪುಟ್ಟಿ ಮತ್ತು ಗಾರೆ ಕಿತ್ತು ಕಲ್ಲು ಕಾಣಿಸಿದರು. ಕಿತ್ತ ಗಾರೆಯಲ್ಲಿ ಉಪ್ಪು ತುಂಬಿರುತ್ತದೆ, ಅದನ್ನು ಮರಳಿನ ಜೊತೆ ಮತ್ತೆ ಬಳಸಬಾರದು ಎಂದು ಮೇಸ್ತ್ರಿ ಹೊರಗೆ ಹಾಕಿಸಿದರು.

ಆಮೇಲೆ ಐದು ತಿಂಗಳು ಯಾರೂ ಏನೂ ಮಾಡಲಿಲ್ಲ. ಈ ಕಾಯುವಿಕೆಯೇ ಎಲ್ಲರಿಗೂ ಕಷ್ಟ. ಒದ್ದೆಯಾದ ಗೋಡೆ ಒಣಗಲು ದಪ್ಪದ ಒಂದು ಇಂಚಿಗೆ ಸುಮಾರು ಒಂದು ತಿಂಗಳು ಎಂಬ ಲೆಕ್ಕವಿದೆ. ಒಂಬತ್ತು ಇಂಚಿನ ಗೋಡೆ ಪೂರ್ತಿ ಒಣಗಲಿಲ್ಲ, ಆದರೆ ಬೇಸಗೆ ಅದರ ಮೇಲೆ ಹಾದುಹೋಯಿತು. ಏಪ್ರಿಲಿನಲ್ಲಿ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಕಲಸಿ ಗಾರೆ ಮಾಡಿದರು. ಸುಣ್ಣ ಸೇರಿದ ಗಾರೆ ಬರೀ ಸಿಮೆಂಟಿನದ್ದಕ್ಕಿಂತ ಮೆದು, ಆವಿ ಹೊರಬರಲು ದಾರಿ ಬಿಡುತ್ತದೆ.

ಅದರ ಮೇಲೆ ಪುಟ್ಟಿ ಇಲ್ಲ. ನಾಲ್ಕೂವರೆ ಅಡಿಯವರೆಗೆ ಸುಣ್ಣ, ಮೂರು ತೆಳು ಸುತ್ತು. ರಾತ್ರಿ ನೆನೆಹಾಕಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಒಂದು ಸುತ್ತು ಆರಿದ ಮೇಲೆ ಇನ್ನೊಂದು. ಸುಣ್ಣಕ್ಕೆ ಉಪ್ಪು ಸೇರಿಸುವ ರೂಢಿ ಕೆಲವರಲ್ಲಿದೆ. ಥಂಡಿ ಗೋಡೆಗೆ ಅದು ಬೇಡ, ಉಪ್ಪು ಗಾಳಿಯ ಹಸಿಯನ್ನೂ ಎಳೆದುಕೊಳ್ಳುತ್ತದೆ. ಸುಣ್ಣ ಕಣ್ಣಿಗೆ ಹಾರಿದರೆ ಸುಡುತ್ತದೆ, ಬಳಿಯುವವರು ಕನ್ನಡಕ ಹಾಕಿಕೊಳ್ಳಬೇಕು. ಇನ್ನೊಂದು ಮಾತು: ಸುಣ್ಣ ಕಚ್ಚುವುದು ನೀರು ಹೀರುವ ಗಾರೆಗೆ ಮಾತ್ರ. ಎಮಲ್ಷನ್ ಬಣ್ಣದ ಮೇಲೆ ಬಳಿದರೆ ಉದುರಿಹೋಗುತ್ತದೆ. ಗಾರೆ ಗಟ್ಟಿಯಾಗಿದ್ದರೆ ಸಿಮೆಂಟ್ ಪೇಂಟೂ ಆಗುತ್ತದೆ, ಅದಕ್ಕೆ ಮಾತ್ರ ಬಳಿದ ಮೇಲೆ ಎರಡು ಮೂರು ದಿನ ನೀರು ಚಿಮುಕಿಸಬೇಕು. ನಾಲ್ಕೂವರೆ ಅಡಿಯ ಮೇಲಿನ ಹಳೆಯ ಪುಟ್ಟಿ ಗಟ್ಟಿಯಾಗಿತ್ತು, ಅದನ್ನು ಹಾಗೇ ಬಿಟ್ಟರು.

ಸುಣ್ಣ ಬಳಿದದ್ದು ಅದೇ ಪೇಂಟರ್. ಚಕ್ಕೆಯ ಬೆನ್ನು ನೋಡಿದ ದಿನ ಯಜಮಾನರು ಏನೂ ಹೇಳಿರಲಿಲ್ಲ. ಗಣೇಶ ಹಬ್ಬದ ಹೊತ್ತಿಗೆ ಅವನ ಮನೆಗೆ 5,000 ಕಳಿಸಿದರು, ಉಳಿದ 3,500 ದೀಪಾವಳಿಗೆ. ನಾನು ಕಂಪನಿಯ ಮೇಲೆ ಸುದ್ದಿ ಬರೆಯಲಿಲ್ಲ, ಬರೆಯುವಂಥದ್ದು ಅದರಲ್ಲಿ ಇರಲಿಲ್ಲ. ಆದರೆ ಪೇಂಟರಿಗೆ ಒಂದು ಮಾತು ಹೇಳಿದೆ. ಕೆಲಸ ಹಿಡಿಯುವಾಗಲೇ "ಈ ಗೋಡೆ ಥಂಡಿ, ಇಲ್ಲಿ ಪುಟ್ಟಿ ನಿಲ್ಲಲ್ಲ" ಅಂತ ಯಜಮಾನರ ವಾಟ್ಸಾಪಿಗೆ ಗೋಡೆಯ ಫೋಟೊ ಜೊತೆ ಕಳಿಸಿಬಿಡು ಅಂತ. ಈಗ ಅವನು ಹಾಗೇ ಮಾಡುತ್ತಾನೆ. ಎರಡು ಕೆಲಸ ಕೈತಪ್ಪಿವೆಯಂತೆ, ಆದರೆ ಕೂಲಿಗಾಗಿ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ.

ಆ ಗೋಡೆ ಈಗ ಒಂದು ಮಳೆಗಾಲ ದಾಟಿದೆ. ಪೂರ್ತಿ ಒಣಗಿದೆ ಅಂದರೆ ಸುಳ್ಳಾಗುತ್ತದೆ. ಆಗಸ್ಟಿನಲ್ಲಿ ಹೋದಾಗ ಬುಡದಲ್ಲಿ ಒಂದಡಿಯಷ್ಟು ಬಣ್ಣ ಕಂದಿತ್ತು, ಅಲ್ಲಲ್ಲಿ ಉಪ್ಪು ಹೂ ಬಿಟ್ಟಿತ್ತು. ಮನೆಯವರು ಒಣ ಪೊರಕೆಯಲ್ಲಿ ಗುಡಿಸಿ ತೋರಿಸಿದರು. "ನೀರಲ್ಲಿ ಒರೆಸಿದರೆ ಉಪ್ಪು ಮತ್ತೆ ಗೋಡೆಗೇ ಹೋಗುತ್ತಂತೆ, ಮೇಸ್ತ್ರಿ ಹೇಳಿದ್ರು" ಅಂದರು. ಚಕ್ಕೆ ಎಲ್ಲೂ ಎದ್ದಿರಲಿಲ್ಲ. ಮಳೆ ಮುಗಿದ ಮೇಲೆ ದೀಪಾವಳಿಗೆ ಮುಂಚೆ ಬುಡಕ್ಕೆ ಒಂದು ಸುತ್ತು ಸುಣ್ಣ, ಅರ್ಧ ದಿನದ ಕೆಲಸ.

ಉಳಿದ ಮೂರು ಕೋಣೆಯ ಪುಟ್ಟಿ ಇವತ್ತಿಗೂ ಹಾಗೇ ನುಣ್ಣಗಿದೆ. ಅಲ್ಲಿ ಗೋಡೆ ಒಣ, ಅಲ್ಲಿ ಅದು ಸರಿ. ನಿಮ್ಮ ಮನೆಗೂ ಪೇಂಟರ್ ಬಂದು "ಪೂರ್ತಿ ಮನೆಗೆ ಎಷ್ಟು ಚೀಲ?" ಎಂದು ಲೆಕ್ಕ ಹಾಕುವ ಮುಂಚೆ ಅವನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ. ಮಣ್ಣು ಎಲ್ಲಿಯವರೆಗೆ ಬಂದಿದೆ, ಸೂರಿನ ನೀರು ಎಲ್ಲಿ ಬೀಳುತ್ತದೆ, ಬಚ್ಚಲು ಯಾವ ಗೋಡೆಗೆ ಅಂಟಿದೆ ಎಂದು ಇಬ್ಬರೂ ನೋಡಿ. ಎಷ್ಟು ಚೀಲ ಎನ್ನುವ ಲೆಕ್ಕ ಆಮೇಲೆ.